ಉಳಿದ ಕೆಲಸ ನಾಳೆಗೆ: ನೋಟ್‌ಬುಕ್ಕೋ, ಮೊಬೈಲೋ, ಗೋಡೆಯ ಬೋರ್ಡೋ?

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಆಫೀಸಿನ ಕೆಲಸ ಆಯಾ ದಿನಕ್ಕೇ ಮುಗಿಯುವುದು ಅಪರೂಪ. ತೂಕ ಆಗಿರುತ್ತದೆ, ಆಳುಗಳ ಹಾಜರಿ, ಕೂಲಿಯ ಲೆಕ್ಕ ಇಡುವ ಚೆಕ್‌ರೋಲ್ ಬರೆದಾಗಿರುತ್ತದೆ, ಇನ್ನೇನು ಬೀಗ ಹಾಕಬೇಕು ಅನ್ನುವಾಗ ಐದಾರು ಕೆಲಸ ಹಾಗೇ ಉಳಿದಿರುತ್ತವೆ. ಅವನ್ನು ತಲೆಯಲ್ಲೇ ಹೊತ್ತು ಮನೆಗೆ ಹೋದರೆ ಊಟದ ಹೊತ್ತಿಗೂ ಅದೇ ಯೋಚನೆ. ಎಲ್ಲೋ ಬರೆದಿಟ್ಟು ಹೋಗಬೇಕು. ಎಲ್ಲಿ ಬರೆಯಬೇಕು, ಹೇಗೆ ಬರೆಯಬೇಕು ಅನ್ನುವುದೇ ಇಲ್ಲಿನ ವಿಷಯ.

ನಾನು ದಕ್ಷಿಣ ಕೊಡಗಿನ ಸಣ್ಣ ತೋಟಗಳ ಲೆಕ್ಕಪತ್ರ ನೋಡುವವನು. ದಿನ ಮುಗಿಸುವುದಕ್ಕೆ ಇಲ್ಲಿನ ಆಫೀಸುಗಳಲ್ಲಿ ಮೂರು ರೀತಿ ನೋಡಿದ್ದೇನೆ. ಆಫೀಸಿನ ಲೆಕ್ಕ ಬರೆಯುವ ರೈಟರ್‌ಗಳಲ್ಲಿ ಕೆಲವರು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ವಯಸ್ಸಿನಲ್ಲಿ ಚಿಕ್ಕವರು ಮೊಬೈಲಿನ ಟಾಸ್ಕ್ ಆ್ಯಪ್ ಇಟ್ಟುಕೊಂಡಿದ್ದಾರೆ. ಇನ್ನು ಕೆಲವು ಕಡೆ ಆಫೀಸಿನ ಗೋಡೆಯಲ್ಲಿ ಬೋರ್ಡು ಇದೆ. ಮೂರರಲ್ಲೂ ಪಟ್ಟಿ ಬರೆಯಬಹುದು, ಅದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ರಾತ್ರಿ ಕಳೆಯುವಾಗ. ಮುಗಿಯದ ಕೆಲಸ ತಾನಾಗಿಯೇ ನಾಳೆಗೆ ಹೋಗುತ್ತದೆಯೋ, ಇದ್ದಲ್ಲೇ ಕೂತಿರುತ್ತದೆಯೋ, ಅಥವಾ ನೀವೇ ಕೈಯಾರೆ ಎತ್ತಿ ಇಡಬೇಕೋ? ಆರಿಸುವಾಗ ನೋಡಬೇಕಾದ್ದು ಇದನ್ನೇ.

ಮೊದಲು, ಮೂರಕ್ಕೂ ಸಾಮಾನ್ಯವಾದ ಕೆಲಸ

ಯಾವುದನ್ನೇ ಆರಿಸಿದರೂ ಸಂಜೆ ಮಾಡಬೇಕಾದ್ದು ಒಂದೇ. ಹದಿನೈದು ನಿಮಿಷ ಸಾಕು.

ಚದುರಿದ್ದನ್ನು ಮೊದಲು ಒಂದು ಕಡೆ ತರಬೇಕು. ಅಂಗಿ ಜೇಬಿನ ಚೀಟಿ, ವಾಟ್ಸ್ಆ್ಯಪ್ ಮೆಸೇಜು, ಎತ್ತದೆ ಬಿಟ್ಟ ಫೋನು, "ಆಮೇಲೆ ನೋಡೋಣ" ಅಂತ ಮೇಸ್ತ್ರಿಗೆ ಹೇಳಿದ ಮಾತು, ಎಲ್ಲವೂ ಒಂದೇ ಪಟ್ಟಿಗೆ ಬರಬೇಕು. ಆಮೇಲೆ ಉಳಿದ ಒಂದೊಂದು ಕೆಲಸಕ್ಕೂ ತೀರ್ಮಾನ ಕೊಡಬೇಕು. ನಾಳೆಯೇ ಮಾಡುವುದು, ಮುಂದಿನ ಒಂದು ತಾರೀಖಿಗೆ ಇಡುವುದು, ಬೇರೆಯವರಿಗೆ ಒಪ್ಪಿಸುವುದು, ಇಲ್ಲವೇ ಹೊಡೆದು ಹಾಕುವುದು. ಕೊನೆಗೆ ನಾಳೆಯ ಪಟ್ಟಿಯಿಂದ ಒಂದನ್ನು ತೆಗೆದು ಬೆಳಿಗ್ಗೆಯ ಮೊದಲ ಕೆಲಸ ಅಂತ ಬರೆಯಬೇಕು.

ಇದಕ್ಕೆಲ್ಲ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ರಾತ್ರಿ ಬಿಟ್ಟರೆ ಕೆಡುವಂಥದ್ದು ಏನಾದರೂ ಇದೆಯಾ? ಎಲ್ಲವನ್ನೂ ನಾಳೆಗೆ ತಳ್ಳಲು ಆಗುವುದಿಲ್ಲ. ಪಲ್ಪರ್‌ಗೆ ಹಾಕುವ ಹಣ್ಣನ್ನು ಕಿತ್ತ ದಿನವೇ ಹಾಕಬೇಕು, ರಾಶಿಯಲ್ಲಿ ರಾತ್ರಿ ಕಳೆದರೆ ಹುಳಿಯುತ್ತದೆ. ಕಣದಲ್ಲಿ ಒಣಗುತ್ತಿರುವ ಕಾಫಿಯನ್ನು ಸಂಜೆ ಗುಡ್ಡೆ ಹಾಕಿ ಟಾರ್ಪಾಲ್ ಮುಚ್ಚಬೇಕು, ಇಲ್ಲದಿದ್ದರೆ ಇಬ್ಬನಿಗೆ ಮತ್ತೆ ತೇವ ಹಿಡಿಯುತ್ತದೆ. ಆನೆ ಓಡಾಡುವ ಕಡೆ ಸೋಲಾರ್ ಬೇಲಿ ಕಡಿದಿದ್ದರೆ ಅದನ್ನೂ ನಾಳೆ ನೋಡೋಣ ಅನ್ನುವಂತಿಲ್ಲ. ಇವನ್ನು ಪಟ್ಟಿಗೆ ಬರೆಯುತ್ತಾ ಕೂರಬೇಡಿ, ಎದ್ದು ಹೋಗಿ ಮಾಡಿಸಿ ಬನ್ನಿ. ಬರೆದ ಕೂಡಲೇ ಮನಸ್ಸಿಗೆ ಒಂದು ಸಮಾಧಾನ ಬರುತ್ತದೆ. ಟಾರ್ಪಾಲ್ ವಿಷಯದಲ್ಲಿ ಆ ಸಮಾಧಾನ ದುಬಾರಿ.

ಆ ಸಮಾಧಾನ ಬರುವುದು ಮಾತ್ರ ನಿಜ. ಮುಗಿಯದ ಕೆಲಸ ಬೇರೆ ಕೆಲಸದ ನಡುವೆ ತಲೆಯೊಳಗೆ ನುಗ್ಗುತ್ತದೆ. ಆದರೆ ಅದಕ್ಕೊಂದು ಸ್ಪಷ್ಟ ಯೋಜನೆ ಬರೆದುಕೊಂಡವರಲ್ಲಿ ಆ ಕಾಟ ಕಡಿಮೆಯಾಯಿತು, ಕೆಲಸ ಇನ್ನೂ ಮುಗಿಯದೇ ಇದ್ದರೂ ಕೂಡ. 2011ರಲ್ಲಿ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಇದು. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಕ ಯುವತಿಯರನ್ನು ಪ್ರಯೋಗಾಲಯದಲ್ಲಿ ಒಂದು ರಾತ್ರಿ ಮಲಗಿಸಿ ನೋಡಿದರು. ಮಲಗುವ ಮೊದಲು ಐದು ನಿಮಿಷ ಮುಂದಿನ ಕೆಲಸಗಳ ಪಟ್ಟಿ ಬರೆದವರು, ಮುಗಿಸಿದ ಕೆಲಸಗಳ ಬಗ್ಗೆ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು. ಪಟ್ಟಿ ಎಷ್ಟು ವಿವರವಾಗಿತ್ತೋ ಅಷ್ಟು ಬೇಗ ನಿದ್ದೆ. ಒಂದೇ ರಾತ್ರಿಯ, ಸಣ್ಣ ಗುಂಪಿನ ಪ್ರಯೋಗ, ಅದರಿಂದ ಜಾಸ್ತಿ ಹಿಂಡಬಾರದು. ಆದರೂ ವಿವರವಾಗಿ ಬರೆಯಬೇಕು ಅನ್ನುವ ಅಂಶವನ್ನು ಇಟ್ಟುಕೊಳ್ಳಬಹುದು. "ಬ್ಯಾಂಕ್" ಅಂತ ಒಂದೇ ಪದ ಗೀಚಿದರೆ ಅದು ಯೋಜನೆಯೇ ಅಲ್ಲ.

ನೋಟ್‌ಬುಕ್: ಕೈ ನೋಯುವುದೇ ಲಾಭ

ನೋಟ್‌ಬುಕ್ಕಿನಲ್ಲಿ ಕೆಲಸ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಇವತ್ತಿನ ಪುಟದಲ್ಲಿ ಉಳಿದದ್ದನ್ನು ನಾಳೆಯ ಪುಟಕ್ಕೆ ನೀವೇ ಮತ್ತೆ ಬರೆಯಬೇಕು. ಹಳೆಯ ಸಾಲಿನ ಮುಂದೆ ಒಂದು ಬಾಣದ ಗುರುತು ಹಾಕಿದರೆ ಅದು ಮುಂದಕ್ಕೆ ಹೋಗಿದೆ ಅಂತ ಅರ್ಥ. ಮುಗಿದದ್ದಕ್ಕೆ ಸರಿ ಗುರುತು, ಬಿಟ್ಟದ್ದಕ್ಕೆ ಅಡ್ಡಗೆರೆ. ಪುಟದಲ್ಲಿ ಗುರುತಿಲ್ಲದ ಸಾಲು ಒಂದೂ ಇರಬಾರದು. ಎಲ್ಲ ಸಾಲಿಗೂ ಗುರುತು ಬಿದ್ದರೆ ಆ ಪುಟ ಮುಗಿಯಿತು, ಮತ್ತೆ ತಿರುಗಿ ನೋಡುವ ಅಗತ್ಯವಿಲ್ಲ.

ಮತ್ತೆ ಬರೆಯುವುದು ಬೇಸರದ ಕೆಲಸ. ಆದರೆ ಆ ಬೇಸರವೇ ಇಲ್ಲಿ ಕೆಲಸ ಮಾಡುವುದು. ಒಂದೇ ಸಾಲನ್ನು ಮೂರನೇ ಸಂಜೆ ಬರೆಯುವಾಗ "ಇದನ್ನು ನಿಜಕ್ಕೂ ಮಾಡುತ್ತೇನಾ?" ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಮೂರು ಸಲ ದಾಟಿದ ಸಾಲನ್ನು ನಾನು ಹಾಗೇ ನಾಲ್ಕನೇ ಸಲ ಬರೆಯಲು ಬಿಡುವುದಿಲ್ಲ. ಹಾಗೆ ಉಳಿಯುವುದಕ್ಕೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ. ಕೆಲಸ ದೊಡ್ಡದಾಗಿ, ಎಲ್ಲಿಂದ ಹಿಡಿಯಬೇಕು ಅಂತ ತಿಳಿಯದೇ ಇರಬಹುದು. ಆಗ ಅದರ ಮೊದಲ ತುಂಡನ್ನಷ್ಟೇ ಬರೆಯಬೇಕು. ಇಲ್ಲವೇ ಅದು ನಿಮ್ಮ ಕೆಲಸವೇ ಅಲ್ಲದಿರಬಹುದು, ಯಾರಿಗೋ ಒಪ್ಪಿಸಬೇಕಾದ್ದು. ಅಥವಾ ಅದರ ಕಾಲ ಇನ್ನೂ ಬಂದಿಲ್ಲ. ಮಣ್ಣಿನ ಸ್ಯಾಂಪಲ್ ಕಳಿಸುವ ಕೆಲಸವನ್ನು ಕೊಯ್ಲಿನ ನಡುವೆ ದಿನವೂ ಮುಂದಕ್ಕೆ ಬರೆದುಕೊಂಡು ಹೋಗುವ ಬದಲು ಕೊಯ್ಲು ಮುಗಿಯುವ ತಿಂಗಳಿನ ಪುಟಕ್ಕೆ ಒಂದೇ ಸಲ ಎತ್ತಿ ಹಾಕಬಹುದು.

ನೋಟ್‌ಬುಕ್ಕಿನ ತೊಂದರೆ ಇರುವುದೂ ಅಲ್ಲೇ, ತಾರೀಖಿನಲ್ಲಿ. ಮಾರ್ಚ್ ತಿಂಗಳಿಗೆ ಬರೆದಿಟ್ಟದ್ದು ಮಾರ್ಚ್ ಬಂದಾಗ ನಿಮ್ಮನ್ನು ಕರೆಯುವುದಿಲ್ಲ. ಪುಟ ತೆರೆದು ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಪುಸ್ತಕದ ಕೊನೆಯಲ್ಲಿ ತಿಂಗಳಿಗೊಂದು ಪುಟ ಬಿಟ್ಟು, ಪ್ರತಿ ತಿಂಗಳ ಕೊನೆಯ ಸಂಜೆ ಅದನ್ನು ತೆರೆಯುವ ರೂಢಿ ಇರಬೇಕು. ಈ ಶಿಸ್ತು ಎಲ್ಲರಿಗೂ ಹಿಡಿಸುವುದಿಲ್ಲ.

ಮಳೆಗಾಲದ ಬಗ್ಗೆಯೂ ಒಂದು ಮಾತು. ಆಷಾಢದಲ್ಲಿ ನಮ್ಮ ಕಡೆ ಕಾಗದವೇ ತೇವ ಹಿಡಿಯುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ರಟ್ಟಿಗೆ ಬೂಸ್ಟು ಬರುತ್ತದೆ. ಸಾಧಾರಣ ಬಾಲ್ ಪೆನ್ನು ಅಥವಾ ಪೆನ್ಸಿಲ್ ಬಳಸಿ, ಪುಸ್ತಕವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಇಷ್ಟು ಮಾಡಿದರೆ ಕರೆಂಟು ಹೋದ ದಿನವೂ, ಟವರ್ ಬಿದ್ದ ದಿನವೂ ಪುಸ್ತಕ ನಡೆಯುತ್ತದೆ. ಕೊಡಗಿನಲ್ಲಿ ಇದು ಸಣ್ಣ ಲಾಭವಲ್ಲ.

ಮೊಬೈಲ್: ಯಾವ ಆ್ಯಪ್, ರಾತ್ರಿ ಏನು ಮಾಡುತ್ತದೆ

"ಮೊಬೈಲಿನಲ್ಲಿ ಹಾಕಿಕೊಂಡರೆ ತಾನಾಗಿ ಮುಂದಕ್ಕೆ ಹೋಗುತ್ತದೆ" ಅಂತ ಜನ ಹೇಳುವುದುಂಟು. ಎಲ್ಲ ಆ್ಯಪ್‌ಗಳೂ ಹಾಗಲ್ಲ. ಒಂದೊಂದರ ನಡವಳಿಕೆ ಬೇರೆ, ಅದನ್ನು ತಿಳಿದೇ ಆರಿಸಬೇಕು.

ಗೂಗಲ್ ಟಾಸ್ಕ್ಸ್‌ನಲ್ಲಿ ನಿನ್ನೆಯ ತಾರೀಖು ಹಾಕಿದ ಕೆಲಸಕ್ಕೆ ನಿನ್ನೆಯ ತಾರೀಖೇ ಇರುತ್ತದೆ. ಗಡುವು ಮೀರಿದೆ ಅಂತ ತೋರಿಸುತ್ತದೆ, ಅಷ್ಟೇ. ಹೊಸ ತಾರೀಖು ನೀವೇ ಕೊಡಬೇಕು. ಟೂಡೂಯಿಸ್ಟ್ ಅಂತ ಒಂದಿದೆ. ಅದರಲ್ಲಿ ಇವತ್ತಿನ ಪಟ್ಟಿಯ ಮೇಲೆ Overdue ಅನ್ನುವ ಗುಂಪು ಕಾಣುತ್ತದೆ, ಪಕ್ಕದಲ್ಲಿ Reschedule ಅನ್ನುವ ಬಟನ್. ಅದನ್ನು ಒತ್ತಿ ಒಂದು ತಾರೀಖು ಆರಿಸಿದರೆ ಆ ಗುಂಪಿನ ಕೆಲಸವೆಲ್ಲ ಒಟ್ಟಿಗೇ ಆ ದಿನಕ್ಕೆ ಹೋಗುತ್ತದೆ. ಬಹಳ ಸುಲಭ, ಮತ್ತು ನನ್ನ ಲೆಕ್ಕದಲ್ಲಿ ಅದೇ ಅದರ ದೋಷ. ಹನ್ನೆರಡು ಸಾಲನ್ನು ಓದದೇ ದಾಟಿಸಬಹುದು. ನಾಳೆ ಹದಿನಾಲ್ಕು, ನಾಡಿದ್ದು ಹದಿನೇಳು. ಒಂದು ವಾರದಲ್ಲಿ ಆ ಪಟ್ಟಿ ತೆರೆಯಲೇ ಮನಸ್ಸಾಗುವುದಿಲ್ಲ.

ಮೈಕ್ರೋಸಾಫ್ಟ್ ಟು ಡು ಇದಕ್ಕೆ ಉಲ್ಟಾ. ಅದರಲ್ಲಿ My Day ಅನ್ನುವ ಪಟ್ಟಿ ಇದೆ. ರಾತ್ರಿ ಕಳೆದರೆ ಅದು ಖಾಲಿ. ಮುಗಿಯದ ಕೆಲಸ ಅಳಿಸಿ ಹೋಗುವುದಿಲ್ಲ, ತನ್ನ ಮೂಲ ಪಟ್ಟಿಯಲ್ಲಿ ಹಾಗೇ ಇರುತ್ತದೆ. ಬೆಳಿಗ್ಗೆ Suggestions ತೆರೆದರೆ ನಿನ್ನೆ ಉಳಿದದ್ದು ಅಲ್ಲಿ ಕಾಣುತ್ತದೆ, ಬೇಕಾದ್ದನ್ನು ಒಂದೊಂದಾಗಿ ಮತ್ತೆ My Dayಗೆ ಸೇರಿಸಬೇಕು. ನೋಟ್‌ಬುಕ್ಕಿನ "ಮತ್ತೆ ಬರೆ" ಗುಣಕ್ಕೆ ಮೊಬೈಲಿನಲ್ಲಿ ಹತ್ತಿರ ಬರುವುದು ಇದೇ. ಒಂದು ಕೊರತೆ ಏನೆಂದರೆ ಆ ತೀರ್ಮಾನ ಸಂಜೆಯಿಂದ ಬೆಳಿಗ್ಗೆಗೆ ಜಾರುತ್ತದೆ. ಸಂಜೆಯೇ ಮುಗಿಸಬೇಕಾದರೆ ಬೀಗ ಹಾಕುವ ಮೊದಲು ಪ್ರತಿ ಕೆಲಸಕ್ಕೂ ನಾಳೆಯದೋ ಆಮೇಲಿನದೋ ಒಂದು ತಾರೀಖು ಕೊಟ್ಟು, ಮೊದಲ ಕೆಲಸಕ್ಕೆ ನಕ್ಷತ್ರದ ಗುರುತು ಹಾಕಿ ಬಿಡಬೇಕು.

ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಮೆಸೇಜು ಹಾಕಿಕೊಳ್ಳುವವರೂ ಇದ್ದಾರೆ. ತೋಟದ ನಡುವೆ ನಿಂತು ನೆನಪಾದದ್ದನ್ನು ಹಿಡಿದಿಡಲು ಅದು ಚೆನ್ನ. ಪಟ್ಟಿಯಾಗಿ ಮಾತ್ರ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ ಮುಗಿದದ್ದಕ್ಕೂ ಉಳಿದದ್ದಕ್ಕೂ ಗುರುತೇ ಇಲ್ಲ. ಹಳೆಯದು ಸುಮ್ನೆ ಮೇಲಕ್ಕೆ ಹೋಗಿಬಿಡುತ್ತದೆ.

ಮೊಬೈಲು ಗೆಲ್ಲುವ ಜಾಗ ಒಂದು ಇದೆ, ತಾರೀಖು ಇರುವ ಕೆಲಸ. ಜೀಪಿನ ಇನ್ಶೂರೆನ್ಸ್, ಬ್ಯಾಂಕಿನ ಕಂತು, ಮಣ್ಣಿನ ಸ್ಯಾಂಪಲ್, ಪಂಪ್ ಸರ್ವಿಸ್. ಇವಕ್ಕೆ ಆ ದಿನ ಬೆಳಿಗ್ಗೆ ಕೂಗಿ ಎಬ್ಬಿಸುವ ಯಾರಾದರೂ ಬೇಕು, ಪುಸ್ತಕದಿಂದ ಅದು ಆಗದು.

ಬೋರ್ಡು: ನೀವಿಲ್ಲದೆ ಕೆಲಸ ಶುರುವಾಗಬೇಕಾದರೆ

ಬೋರ್ಡಿನಲ್ಲಿ ಕೆಲಸ ಇದ್ದಲ್ಲೇ ಇರುತ್ತದೆ. ಯಾರಾದರೂ ಒರೆಸುವವರೆಗೆ ಅದು ಇವತ್ತಿನದೂ ಹೌದು, ನಾಳೆಯದೂ ಹೌದು. ಒಬ್ಬರೇ ಕೂರುವ ಆಫೀಸಿಗೆ ಇದು ಬೇಡ. ನಾಲ್ಕು ದಿನ ಕಳೆದರೆ ಕಣ್ಣು ಅದನ್ನು ಗೋಡೆ ಅಂತಲೇ ನೋಡುತ್ತದೆ. ಮಳೆಗಾಲದಲ್ಲಿ ಕರಿಹಲಗೆಗೆ ತೇವ ಹಿಡಿದರೆ ಸೀಮೆಸುಣ್ಣವೂ ಸರಿಯಾಗಿ ಬೀಳುವುದಿಲ್ಲ.

ಆದರೆ ರೈಟರ್ ಬರುವ ಮೊದಲೇ ಮೇಸ್ತ್ರಿ ಹಾಜರಿ ಹಾಕಿ ಜನರನ್ನು ಕಳಿಸಬೇಕಾದ ತೋಟದಲ್ಲಿ, ಅಥವಾ ಅಡುಗೆಯವರು, ರೂಮಿನವರು, ಡ್ರೈವರ್ ಬೇರೆ ಬೇರೆ ಹೊತ್ತಿಗೆ ಬರುವ ಹೋಮ್‌ಸ್ಟೇಯಲ್ಲಿ, ಬೋರ್ಡಿಗೆ ಸರಿಸಾಟಿ ಇಲ್ಲ. ಅಲ್ಲಿ ಪೂರ್ತಿ ಪಟ್ಟಿ ಬರೆಯಬಾರದು. ಒಬ್ಬೊಬ್ಬರ ಹೆಸರಿನ ಮುಂದೆ ಒಂದೇ ಸಾಲು, ಅವರ ಬೆಳಗಿನ ಮೊದಲ ಕೆಲಸ. ಸಂಜೆ ಪೂರ್ತಿ ಒರೆಸಿ ಹೊಸದಾಗಿ ಬರೆಯಬೇಕು, ನಿನ್ನೆಯ ಸಾಲೇ ಮತ್ತೆ ಬಂದರೂ ಸರಿ. ಒರೆಸದ ಬೋರ್ಡು ಹೇಳುವುದು ಒಂದೇ ಸಂಗತಿ, ನಿನ್ನೆ ಸಂಜೆ ಯಾರೂ ದಿನ ಮುಗಿಸಿಲ್ಲ.

ಒಂದು ಸಂಜೆಯ ಲೆಕ್ಕ

ಜನವರಿಯ ಒಂದು ಸಂಜೆ ಅಂತ ಇಟ್ಟುಕೊಳ್ಳೋಣ. ರೋಬಸ್ಟಾ ಕೊಯ್ಲು ನಡೆಯುತ್ತಿದೆ, ನಾಡಿದ್ದು ಬಟವಾಡೆ. ರೈಟರ್ ಎದುರಿನ ಪುಟದಲ್ಲಿ ಹತ್ತು ಸಾಲು ಇವೆ. ಇಂದಿನ ತೂಕ ಚೆಕ್‌ರೋಲ್‌ಗೆ ಏರಿಸುವುದು. ಬಟವಾಡೆ ಪಟ್ಟಿ. ಕೆರೆಯ ಪಂಪಿನ ಫುಟ್‌ವಾಲ್ವ್ ಸೋರುತ್ತಿದೆ, ಮೆಕ್ಯಾನಿಕ್‌ಗೆ ಹೇಳುವುದು. ಗೋಣಿ ಚೀಲ ಕಮ್ಮಿ ಇದೆ. ಮರದ ಕೊಂಬೆ ಬಿದ್ದು ಸೋಲಾರ್ ಬೇಲಿ ಕಡಿದಿದೆ. ಕಾಫಿ ವ್ಯಾಪಾರಿಗೆ ವಾಪಸ್ ಫೋನ್. ಲೈನ್ ಮನೆಯ ನಲ್ಲಿ ಕೆಟ್ಟಿದೆ. ಕರಿಮೆಣಸು ಕೊಯ್ಯುವ ಏಣಿ ರಿಪೇರಿ. ಮಣ್ಣಿನ ಸ್ಯಾಂಪಲ್. ಹಳೆಯ ರಸೀದಿಗಳ ಫೋಟೋ ತೆಗೆದಿಡುವುದು.

ತೂಕ ಏರಿಸಿ ಆಗಿದೆ, ಸರಿ ಗುರುತು. ಬೇಲಿ ರಾತ್ರಿಗೆ ಕಾಯುವುದಿಲ್ಲ. ಮೇಸ್ತ್ರಿಯನ್ನು ಕರೆದು ಹೇಳಿದರೆ, "ಈಗಲೇ ಇಬ್ಬರನ್ನ ಕರ್ಕೊಂಡು ಹೋಗ್ತೀನಿ ಸಾರ್, ಕತ್ತಲಾಗೋದ್ರೊಳಗೆ ಕಟ್ಟಿ ಬಿಡ್ತೀವಿ" ಅನ್ನುತ್ತಾರೆ. ಕಟ್ಟಿ ಆಯಿತು ಅಂತ ಅವರ ಫೋನ್ ಬರುವವರೆಗೆ ಆ ಸಾಲಿಗೆ ಗುರುತು ಬೀಳುವುದಿಲ್ಲ.

ಗೋಣಿ ಚೀಲ ಡ್ರೈವರ್‌ಗೆ, ಹೇಗೂ ಅವರು ಬೆಳಿಗ್ಗೆ ಪೇಟೆಗೆ ಹೋಗುವವರು. ನಲ್ಲಿ ಪ್ಲಂಬರ್‌ಗೆ, ಈಗಲೇ ಒಂದು ಫೋನು. ಇಲ್ಲಿ ಒಂದು ಸೂಕ್ಷ್ಮ ಇದೆ. ಒಪ್ಪಿಸಿದ ಕೆಲಸ ಪಟ್ಟಿಯಿಂದ ಮಾಯವಾಗಬಾರದು, ಅದರ ರೂಪ ಬದಲಾಗಬೇಕು. "ಗೋಣಿ ಚೀಲ" ಅಂತ ಇದ್ದದ್ದು "ಗೋಣಿ ಚೀಲ: ಡ್ರೈವರ್, ನಾಳೆ ಮಧ್ಯಾಹ್ನ ಕೇಳುವುದು" ಅಂತ ಆಗಬೇಕು. ಯಾರು, ಯಾವಾಗ ಕೇಳಬೇಕು ಅನ್ನುವ ಎರಡು ಇಲ್ಲದಿದ್ದರೆ ಒಪ್ಪಿಸಿದ್ದು ಮರೆತದ್ದಕ್ಕೆ ಸಮ.

ಏಣಿಗೆ ಫೆಬ್ರವರಿಯ ಮೊದಲ ವಾರ, ಮಣ್ಣಿಗೆ ಕೊಯ್ಲು ಮುಗಿದ ಮೇಲಿನ ಒಂದು ದಿನ. ಇವೆರಡೂ ಮೊಬೈಲಿಗೆ ಹೋಗುತ್ತವೆ, ರಿಮೈಂಡರ್ ಸಮೇತ. ಹಳೆಯ ರಸೀದಿಯ ಫೋಟೋ ಎಷ್ಟೋ ದಿನದಿಂದ ಸಾಗಿ ಬಂದಿದೆ. ರಸೀದಿಗಳು ಫೈಲಿನಲ್ಲಿ ಭದ್ರವಾಗಿವೆ, ಯಾರೂ ಕೇಳಿಯೂ ಇಲ್ಲ. ಅಡ್ಡಗೆರೆ. ಹೀಗೆ ಹೊಡೆದು ಹಾಕುವಾಗ ಸ್ವಲ್ಪ ಕಸಿವಿಸಿ ಆಗುತ್ತದೆ ಅಲ್ವಾ? ಬೇಕೇ ಆದರೆ ಅದು ಮತ್ತೆ ತಾನಾಗಿ ಬರುತ್ತದೆ.

ಉಳಿದದ್ದು ಮೂರು. ಬಟವಾಡೆ ಪಟ್ಟಿ, ಮೆಕ್ಯಾನಿಕ್, ವ್ಯಾಪಾರಿ. ಒಪ್ಪಿಸಿದ್ದನ್ನು ಕೇಳುವ ಸಾಲುಗಳು ಬಿಟ್ಟರೆ ನಾಳೆಯ ಪುಟಕ್ಕೆ ಹೋಗುವುದು ಇವಿಷ್ಟೇ. ಹತ್ತು ಸಾಲಿನ ಪುಟವನ್ನು ಆ್ಯಪ್‌ನಲ್ಲಿ ಒಂದೇ ಒತ್ತಿಗೆ ದಾಟಿಸಿದ್ದರೆ ಬೆಳಿಗ್ಗೆ ಒಂಬತ್ತು ಕಾಣುತ್ತಿದ್ದವು, ಅದರಲ್ಲಿ ಬೇಲಿಯೂ ಇರುತ್ತಿತ್ತು.

ಮೊದಲ ಕೆಲಸಕ್ಕೆ ಹೆಸರಿಡುವುದು

ಈ ಮೂರರಲ್ಲಿ ಬೆಳಗಿನ ಮೊದಲ ಕೆಲಸ ಯಾವುದು? ಫುಟ್‌ವಾಲ್ವ್ ತುರ್ತು ಅನ್ನಿಸುತ್ತದೆ. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಓಡಿಸಬೇಕು, ಆಗ ಪಂಪು ಸರಿ ಇರಲೇಬೇಕು. ಆದರೆ ಮೆಕ್ಯಾನಿಕ್ ಫೋನ್ ಎತ್ತುವುದು ಅವರ ಕೈಯಲ್ಲಿದೆ. ವ್ಯಾಪಾರಿಗೆ ಆ ದಿನದ ದರ ತಿಳಿದ ಮೇಲೆ ಮಾತಾಡಿದರೇ ಉಪಯೋಗ. ಬಟವಾಡೆ ಪಟ್ಟಿ ಮಾತ್ರ ಪೂರ್ತಿ ರೈಟರ್ ಕೈಯಲ್ಲೇ ಇದೆ. ಚೆಕ್‌ರೋಲ್ ಮೇಜಿನ ಮೇಲಿದೆ, ಕರೆಂಟು ಇಲ್ಲದಿದ್ದರೂ ಕ್ಯಾಲ್ಕುಲೇಟರ್ ನಡೆಯುತ್ತದೆ, ಅದಕ್ಕಾಗಿ ಜನ ಕಾಯುತ್ತಿದ್ದಾರೆ.

ನಾನು ನೋಡುವುದು ಇಷ್ಟನ್ನೇ. ಬೇರೆಯವರ ಉತ್ತರಕ್ಕೆ ಕಾಯದೆ ಶುರು ಮಾಡಬಹುದಾ? ಬೇಕಾದ ಸಾಮಾನು ಕೈಗೆ ಸಿಗುವಂತೆ ಇದೆಯಾ? ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದಾ, ಇಲ್ಲವೇ ಮುಗಿಯುವ ಒಂದು ತುಂಡು ಇದೆಯಾ? ಅತಿ ಮುಖ್ಯವಾದದ್ದೇ ಮೊದಲು ಬರಬೇಕು ಅಂತ ಹಟ ಬೇಡ. ಶುರುವಾಗದ ಮುಖ್ಯ ಕೆಲಸ ಇಡೀ ಬೆಳಿಗ್ಗೆಯನ್ನು ನುಂಗುತ್ತದೆ.

ಇನ್ನು ಬರೆಯುವ ರೀತಿ. "ಬಟವಾಡೆ" ಅಂತ ಬರೆದರೆ ಬೆಳಿಗ್ಗೆ ಮತ್ತೆ ಮೊದಲಿಂದ ಯೋಚಿಸಬೇಕು. ಹೀಗೆ ಬರೆಯಬಹುದು:

"ನಾಳೆ ಮೊದಲು: ಬಟವಾಡೆ ಪಟ್ಟಿ. 14ನೇ ಹೆಸರಿನ ತನಕ ಕಿಲೋ ಕೂಡಿಸಿ ಆಗಿದೆ, 15ರಿಂದ ಶುರು. ಮುಂಗಡ ಕಳೆಯುವುದು ಬಾಕಿ. ಮುಂಗಡದ ಪುಸ್ತಕ ಎಡಗಡೆ ಡ್ರಾಯರ್."

ಏನು ಮಾಡಬೇಕು, ಎಲ್ಲಿ ನಿಂತಿದೆ, ಏನು ಬಾಕಿ, ಸಾಮಾನು ಎಲ್ಲಿ. ಬರೆದ ಮೇಲೆ ಚೆಕ್‌ರೋಲ್‌ನ ಆ ಪುಟಕ್ಕೆ ಒಂದು ಚೀಟಿ ಸಿಕ್ಕಿಸಿ ಮೇಜಿನ ನಡುವೆ ಇಟ್ಟು ಹೋದರೆ ಇನ್ನೂ ಒಳ್ಳೆಯದು. ಸರಿಯಾಗಿ ಬರೆದಿದ್ದೀರಾ ಅಂತ ನೋಡಲು ಒಂದು ಸುಲಭ ದಾರಿ: ನಾಳೆ ನಿಮಗೆ ಜ್ವರ ಬಂದರೆ ಬೇರೆ ಯಾರಾದರೂ ಆ ಸಾಲು ಓದಿ ಕೆಲಸಕ್ಕೆ ಕೂರಬಹುದೇ?

ಕೂಡಿಸುವ ಕೆಲಸವನ್ನು ಅರ್ಧದಲ್ಲಿ ನಿಲ್ಲಿಸುವಾಗ ಒಬ್ಬರ ಲೆಕ್ಕ ಪೂರ್ತಿ ಮುಗಿಸಿ ನಿಲ್ಲಿಸಿ. ನಡುವೆ ಬಿಟ್ಟರೆ ಬೆಳಿಗ್ಗೆ ಆ ಹೆಸರನ್ನು ಮತ್ತೆ ಮೊದಲಿಂದ ಕೂಡಿಸಬೇಕಾಗುತ್ತದೆ, ಎರಡು ಸಲ ಬರೆದುಬಿಡುವ ಅಪಾಯವೂ ಉಂಟು.

ಹಾಜರಿ ಹಾಕುವುದನ್ನು, ಹೋಮ್‌ಸ್ಟೇಯಲ್ಲಾದರೆ ತಿಂಡಿ ಕೊಡುವುದನ್ನು, ಮೊದಲ ಕೆಲಸ ಅಂತ ಬರೆಯುವವರಿದ್ದಾರೆ. ಅವು ಬರೆಯದಿದ್ದರೂ ನಡೆಯುತ್ತವೆ, ಗಂಟೆಯೇ ನಡೆಸುತ್ತದೆ. ಹೆಸರಿಡಬೇಕಾದ್ದು ಅದರ ನಂತರ ಬರುವ, ನೀವೇ ಆರಿಸಿಕೊಳ್ಳುವ ಮೊದಲ ಕೆಲಸಕ್ಕೆ. ದಿನ ದಾರಿ ತಪ್ಪುವುದು ಆ ಸಂದಿಯಲ್ಲೇ. ಹಾಜರಿ ಮುಗಿಸಿ ಕಾಫಿ ಕುಡಿಯುತ್ತಾ ಫೋನ್ ತೆರೆದರೆ ಹತ್ತು ಗಂಟೆ.

ಮಳೆಯ ಊರಿನವರು ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು. ಹೊರಗಿನ ಕೆಲಸವನ್ನು ಮೊದಲ ಕೆಲಸ ಮಾಡಿದ್ದರೆ ಅದರ ಕೆಳಗೆ "ಮಳೆ ಬಂದರೆ" ಅಂತ ಬರೆದು ಒಳಗಿನ ಒಂದು ಕೆಲಸದ ಹೆಸರು ಹಾಕಿ. ಜನವರಿಯಲ್ಲೂ ಅಕಾಲ ಮಳೆ ಬರುತ್ತದೆ. ಆಗ ಎಲ್ಲರೂ ಕಣದ ಕಡೆ ಓಡುತ್ತಾರೆ, ಅದು ಸರಿಯೇ. ಓಡಿ ಮುಚ್ಚಿ ಬಂದ ಮೇಲೆ ಏನು ಅನ್ನುವುದು ಬರೆದಿಟ್ಟಿರಬೇಕು, ಅಷ್ಟೇ.

ಹಾಗಾದರೆ ಯಾವುದು?

ಒಬ್ಬರೇ ಕೂರುವ ತೋಟದ ಆಫೀಸಿಗೆ ನನ್ನ ಮತ ನೋಟ್‌ಬುಕ್ಕಿಗೆ, ಜೊತೆಗೆ ತಾರೀಖಿನ ಕೆಲಸಕ್ಕೆ ಮಾತ್ರ ಮೊಬೈಲು. ಎರಡರಲ್ಲೂ ಒಂದೇ ಕೆಲಸ ಇರಬಾರದು. ರಿಮೈಂಡರ್ ಕೂಗಿದ ದಿನ ಆ ಕೆಲಸ ಪುಸ್ತಕಕ್ಕೆ ಬರುತ್ತದೆ, ಮೊಬೈಲಿನಿಂದ ಹೋಗುತ್ತದೆ. ಎರಡು ಕಡೆ ಇದ್ದರೆ ಎರಡನ್ನೂ ನಂಬಲು ಆಗುವುದಿಲ್ಲ.

ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಕಂಪ್ಯೂಟರ್ ಮುಂದೆಯೇ ಕೂರುವ ಕೆಲಸದವರಿಗೆ ಮೊಬೈಲು ಅಥವಾ ಕಂಪ್ಯೂಟರಿನ ಪಟ್ಟಿಯೇ ಸಾಕು. ಆದರೆ ಎಲ್ಲವನ್ನೂ ಒಟ್ಟಿಗೆ ದಾಟಿಸುವ ಬಟನ್ ಮುಟ್ಟಬೇಡಿ. ಒಂದೊಂದನ್ನೇ ತೆರೆದು ತಾರೀಖು ಬದಲಿಸಿ. ನಿಧಾನ ಅನ್ನಿಸಿದರೆ ಪಟ್ಟಿ ಉದ್ದವಾಗಿದೆ ಅಂತ ಅರ್ಥ.

ಹೋಮ್‌ಸ್ಟೇ ನಡೆಸುವವರಿಗೆ ಬೋರ್ಡು, ಮಾಲೀಕರ ಬಳಿ ಒಂದು ಪುಸ್ತಕ. ಅಲ್ಲಿ ದಿನ ಸಂಜೆ ಮುಗಿಯುವುದಿಲ್ಲ, ಅತಿಥಿಗಳ ಊಟ ಆಗಿ ಅಡುಗೆಮನೆ ತೊಳೆದ ಮೇಲೆ ಮುಗಿಯುತ್ತದೆ. ಆ ಹೊತ್ತಿಗೆ ತಲೆ ಓಡುವುದಿಲ್ಲ. ಹಾಗಾಗಿ ಪಟ್ಟಿಯ ತೀರ್ಮಾನಗಳನ್ನು ಮಧ್ಯಾಹ್ನದ ಬಿಡುವಿನಲ್ಲೇ ಮುಗಿಸಿ, ರಾತ್ರಿ ಬೋರ್ಡಿನ ಸಾಲುಗಳನ್ನಷ್ಟೇ ಬರೆಯುವುದು ವಾಸಿ.

ಯಾವುದನ್ನು ಹಿಡಿದರೂ ಅದು ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯುವುದು ಕಷ್ಟವಲ್ಲ. ಇವತ್ತು ಎಷ್ಟು ಕೆಲಸ ಮುಗಿಯಿತು ಅಂತ ಎಣಿಸಿ. ನಾಳೆಗೆ ದಾಟಿಸಿದ್ದು ಅದಕ್ಕಿಂತ ಜಾಸ್ತಿ ಇದ್ದು, ಇದೇ ವಾರಪೂರ್ತಿ ನಡೆದರೆ ನೀವು ದಿನ ಮುಗಿಸುತ್ತಿಲ್ಲ, ಬಾಕಿಯನ್ನು ಸಾಗಿಸುತ್ತಿದ್ದೀರಿ. ಆಗ ಪುಸ್ತಕ ಬದಲಿಸಿ ಆ್ಯಪ್ ಹಾಕಿಕೊಳ್ಳುವುದರಿಂದ ಏನೂ ಆಗದು. ದಾಟಿಸುವುದಕ್ಕೇ ಒಂದು ಮಿತಿ ಬೇಕು. ಐದು ಸಾಲು ಅಂತ ಇಟ್ಟುಕೊಳ್ಳಿ, ಆರನೆಯದು ಬರೆಯಬೇಕಾದರೆ ಐದರಲ್ಲಿ ಒಂದು ಹೋಗಬೇಕು.

ಹುತ್ತರಿಯೋ ಕೈಲ್‌ಪೊಳ್ದೋ ಬಂದು ಎರಡು ಮೂರು ದಿನ ಆಫೀಸು ಮುಚ್ಚುವ ಸಂಜೆಗೆ ಇನ್ನೊಂದಿಷ್ಟು ಹೊತ್ತು ಕೊಡಿ. ಒಂದು ರಾತ್ರಿಯಾದರೆ ಅರ್ಧ ಬರೆದದ್ದೂ ನೆನಪಾಗುತ್ತದೆ, ಮೂರು ರಾತ್ರಿ ಕಳೆದರೆ ಆಗುವುದಿಲ್ಲ. ಮೊದಲ ಕೆಲಸದ ಸಾಲನ್ನು ಎರಡರಷ್ಟು ಉದ್ದ ಬರೆಯಿರಿ. ಒಪ್ಪಿಸಿದ ಕೆಲಸಗಳ ಪಕ್ಕದಲ್ಲಿ ಅವರ ಫೋನ್ ನಂಬರ್ ಕೂಡ ಇರಲಿ.

ಈಗಾಗಲೇ ಆ್ಯಪ್‌ನಲ್ಲಿ ಗಡುವು ಮೀರಿದ ಮೂವತ್ತು ನಲವತ್ತು ಸಾಲು ಗುಡ್ಡೆ ಬಿದ್ದಿರುವವರು ಅವನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸಲು ಹೋಗಬೇಡಿ. ಪುಸ್ತಕವನ್ನು ಖಾಲಿ ಪುಟದಿಂದ ಶುರು ಮಾಡಿ. ಆ್ಯಪ್ ಹಾಗೇ ಇರಲಿ. ಸಂಜೆಗೆ ಐದು ಸಾಲಿನಂತೆ ತೆರೆದು, ಪ್ರತಿಯೊಂದಕ್ಕೂ ಆ ನಾಲ್ಕು ತೀರ್ಮಾನಗಳಲ್ಲಿ ಒಂದನ್ನು ಕೊಡಿ. ಹತ್ತು ದಿನದೊಳಗೆ ಗುಡ್ಡೆ ಕರಗುತ್ತದೆ, ಪುಸ್ತಕಕ್ಕೆ ಬರುವುದು ಅದರಲ್ಲಿ ಕೆಲವೇ ಸಾಲು.